ಸಾರುವೆಯ ವಾರದ ತಪಾಸಣೆ: ಟೈ ಎಣಿಕೆ ಮತ್ತು ಚೀಟಿಯ ಬರಹ

ಬೆಂಗಳೂರಿನ ಒಂಬತ್ತು ಅಂತಸ್ತಿನ ವಸತಿ ಕಟ್ಟಡವೊಂದರಲ್ಲಿ ಹೊರಗೋಡೆಯ ಗಾರೆ ಮತ್ತು ಬಣ್ಣದ ಕೆಲಸಕ್ಕಾಗಿ ಕಪ್‌ಲಾಕ್ ಸಾರುವೆ ನಿಲ್ಲಿಸಿದ್ದೆವು. ಪ್ರತಿ ಸೋಮವಾರ ಕೆಲಸ ಆರಂಭವಾಗುವ ಮೊದಲು ಅದನ್ನು ಪರೀಕ್ಷಿಸಿ ಚೀಟಿ ಕಟ್ಟುವ ಹೊಣೆ ನನ್ನದಾಗಿತ್ತು. ಹಸಿರು ಚೀಟಿ ಇದ್ದರೆ ಹತ್ತಬಹುದು, ಹಳದಿ ಇದ್ದರೆ ಅದರಲ್ಲಿ ಬರೆದ ಷರತ್ತಿನಂತೆ ಮಾತ್ರ, ಕೆಂಪು ಇದ್ದರೆ ಹತ್ತುವಂತಿಲ್ಲ.

ನನ್ನ ಪಟ್ಟಿ ನೆಲದಿಂದ ಶುರುವಾಗುತ್ತದೆ. ಪ್ರತಿ ನಿಲುಗಂಬದ ಕೆಳಗೆ ಬೇಸ್ ಪ್ಲೇಟ್, ಅದರಡಿ ಹಲಗೆ ಇದೆಯೇ, ಹಲಗೆಯ ಕೆಳಗಿನ ಮಣ್ಣು ಗಟ್ಟಿಯಾಗಿದೆಯೇ ಎಂದು ನೋಡುತ್ತೇನೆ. ಗೋಡೆಗೆ ನೀರುಣಿಸಿದ ನೀರು ಹರಿದುಹೋಗುವ ಜಾಗದಲ್ಲಿ ಮಣ್ಣು ಸದ್ದಿಲ್ಲದೆ ಕೊಚ್ಚಿ ಹೋಗಿರುತ್ತದೆ. ಕಂಬದ ಬುಡದಲ್ಲಿ ಎತ್ತರ ಹೊಂದಿಸುವ ತಿರುಪಿನ ಜಾಕನ್ನು ಕೈಯಿಂದ ತಿರುಗಿಸಿದಾಗ ಸಲೀಸಾಗಿ ತಿರುಗಿದರೆ ಆ ಕಂಬ ಭಾರ ಹೊರುತ್ತಿಲ್ಲ ಎಂದರ್ಥ. ಅದರ ಪಾಲಿನ ಭಾರ ಪಕ್ಕದ ಕಂಬಗಳ ಮೇಲೆ ಬಿದ್ದಿರುತ್ತದೆ.

ಆಮೇಲೆ ಟೈಗಳು. ಸಾರುವೆಯನ್ನು ಕಟ್ಟಡಕ್ಕೆ ಬಿಗಿದು ಹಿಡಿಯುವ ಈ ಪೈಪುಗಳಿಗೇ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ನಮ್ಮ ನಕ್ಷೆಯ ಪ್ರಕಾರ ಎರಡು ಮೀಟರಿನ ಹಂತಗಳಲ್ಲಿ ಒಂದು ಬಿಟ್ಟು ಒಂದಕ್ಕೆ, ಅಂದರೆ ನಾಲ್ಕು ಮೀಟರ್ ಎತ್ತರಕ್ಕೊಮ್ಮೆ ಟೈ ಇರಬೇಕು. ಧೂಳು ತಡೆಯಲು ಹೊರಗೆ ಹಸಿರು ಜಾಲರಿ ಕಟ್ಟಿದ್ದರಿಂದ ಗಾಳಿ ಬೀಸಿದಾಗ ಇಡೀ ಸಾರುವೆ ಹಾಯಿಯಂತೆ ಎಳೆಯುತ್ತದೆ. ಆ ಎಳೆತವನ್ನು ತಡೆಯುವುದು ಟೈಗಳು ಮಾತ್ರ. ಆದ್ದರಿಂದ ಪ್ರತಿ ಟೈಗೂ ಹಳದಿ ಬಣ್ಣ ಬಳಿಸಿ ಸಂಖ್ಯೆ ಬರೆಸಿದೆ. ತಪಾಸಣೆಯಲ್ಲಿ ಸುಮ್ಮನೆ ಕಣ್ಣಾಡಿಸದೆ, ನಕ್ಷೆ ಹಿಡಿದು ಒಂದೊಂದನ್ನೂ ಗುರುತು ಹಾಕುತ್ತಾ ಹೋಗುತ್ತೇನೆ.

ಮೇ ತಿಂಗಳ ಒಂದು ಸೋಮವಾರ ಪೂರ್ವದ ಗೋಡೆಯಲ್ಲಿ 14ನೇ ಟೈ ಇರಲಿಲ್ಲ. ಅದು ನಾಲ್ಕನೇ ಅಂತಸ್ತಿನ ಕಿಟಕಿಯ ತೆರವಿನೊಳಗೆ ಬಿಗಿದಿದ್ದ ಟೈ. ಚೌಕಟ್ಟು ಕೂರಿಸಲು ಬಂದವರು ಅಡ್ಡವಾಗುತ್ತದೆಂದು ಬಿಚ್ಚಿಟ್ಟಿದ್ದರು. ಕಂಬದ ಮೇಲೆ ಕ್ಲಾಂಪು ಕಚ್ಚಿದ್ದ ಜಾಗ ತುಕ್ಕಿಲ್ಲದೆ ಹೊಳೆಯುತ್ತಿತ್ತು. ಆ ಒಂದು ಟೈ ಹೋದರೆ ಆ ಸಾಲಿನಲ್ಲಿ ಎಂಟು ಮೀಟರ್ ಎತ್ತರ ಆಧಾರವಿಲ್ಲದೆ ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಬಿರುಗಾಳಿ ಮಳೆ ಬರುವ ಕಾಲ ಅದು.

ಮೇಸ್ತ್ರಿ, "ಸರ್, ಹಳದಿ ಚೀಟಿ ಹಾಕಿ, ಆ ಅಂಕಣ ಬಿಟ್ಟು ಉಳಿದ ಕಡೆ ಕೆಲಸ ಮಾಡುತ್ತೇವೆ" ಎಂದರು. ನಾನು ಒಪ್ಪಲಿಲ್ಲ. ಕೈಪಟ್ಟಿ ಇಲ್ಲದಿದ್ದರೆ ಅಪಾಯ ಅಲ್ಲಿ ನಿಂತವನಿಗೆ; ಟೈ ಇಲ್ಲದಿದ್ದರೆ ಮೇಲೆ, ಕೆಳಗೆ, ಅಕ್ಕಪಕ್ಕ ಇರುವ ಎಲ್ಲರಿಗೂ. ಟೈ ಕಾಣೆಯಾದರೆ ಕೆಂಪು ಚೀಟಿಯೇ ಸರಿ. ಹತ್ತುವ ಜಾಗದಲ್ಲಿ ಈ ಚೀಟಿ ಕಟ್ಟಿ, ಕೆಳಗಿನ ಏಣಿಯನ್ನೂ ತೆಗೆಸಿದೆ:

"ಹತ್ತಬೇಡಿ. ಪೂರ್ವ ಗೋಡೆ, 1ರಿಂದ 9ನೇ ಕಂಬ. 14ನೇ ಟೈ ಇಲ್ಲ. ಸಾರುವೆ ಕಟ್ಟುವ ತಂಡಕ್ಕೆ ಮಾತ್ರ ಪ್ರವೇಶ."

ಹೊಸ ಟೈಯನ್ನು ಕಿಟಕಿಯಲ್ಲಿ ಹಾಕಿಸಲಿಲ್ಲ. ಹಾಕಿದ್ದರೆ ಗಾಜು ಕೂರಿಸುವವರು ಮತ್ತೆ ಬಿಚ್ಚುತ್ತಿದ್ದರು. ವಿನ್ಯಾಸಕಾರರ ಒಪ್ಪಿಗೆ ಪಡೆದು, ಅದೇ ಮಟ್ಟದ ಕಾಂಕ್ರೀಟ್ ತೊಲೆಗೆ ಆಂಕರ್ ಬೋಲ್ಟ್ ಕೊರೆದು ಬಿಗಿಸಿದೆವು. ಇಟ್ಟಿಗೆ ಅಥವಾ ಬ್ಲಾಕ್ ಗೋಡೆಗೆ ಆಂಕರ್ ಹಾಕಿದರೆ ಎಳೆತಕ್ಕೆ ಕಿತ್ತು ಬರಬಹುದು. ಬೋಲ್ಟನ್ನು ಎಳೆದು ಪರೀಕ್ಷಿಸಿ, ಸುತ್ತಲಿನ ಟೈಗಳನ್ನೂ ಮತ್ತೆ ನೋಡಿದ ಮೇಲೆ ಹೊಸ ಹಸಿರು ಚೀಟಿ ಬರೆದೆ:

"ಪೂರ್ವ ಗೋಡೆ, 1ರಿಂದ 9ನೇ ಕಂಬ, ನೆಲದಿಂದ 6ನೇ ಅಂತಸ್ತಿನವರೆಗೆ. ಗಾರೆ, ಬಣ್ಣದ ಕೆಲಸಕ್ಕೆ ಮಾತ್ರ. ಒಂದು ಅಂಕಣದಲ್ಲಿ ಇಬ್ಬರು, ಎರಡು ಬಾಂಡ್ಲಿ ಗಾರೆ. ಮೇ 11, ಭಾನುವಾರ ಸಂಜೆಯ ನಂತರ ಹತ್ತಬೇಡಿ. ಬಿರುಗಾಳಿ ಬಂದರೆ ಈ ಚೀಟಿ ರದ್ದು."

ಹಿಂದಿನ ಅಚ್ಚಾದ ಚೀಟಿಯಲ್ಲಿ "ಸುರಕ್ಷಿತ" ಎಂದಿತ್ತು, ಕೆಳಗೆ ಪರೀಕ್ಷಿಸಿದ ದಿನಾಂಕವಿತ್ತು. ಎಲ್ಲಿಯವರೆಗೆ, ಎಷ್ಟು ಭಾರಕ್ಕೆ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಪರೀಕ್ಷಿಸಿದ ದಿನಾಂಕ ನೋಡಿದ ಕೆಲಸಗಾರ ಏಳು ದಿನ ಲೆಕ್ಕ ಹಾಕಬೇಕು. ಮುಗಿಯುವ ದಿನ ಬರೆದರೆ ಆ ಲೆಕ್ಕವೇ ಬೇಡ. ಭಾರವನ್ನೂ ಕಿಲೋಗ್ರಾಂನಲ್ಲಿ ಬರೆಯುವುದಿಲ್ಲ. ವಿನ್ಯಾಸದ ಮಿತಿಯನ್ನು ಬಾಂಡ್ಲಿ ಮತ್ತು ಜನರ ಲೆಕ್ಕಕ್ಕೆ ಇಳಿಸಿ ಬರೆಯುತ್ತೇನೆ. ಕನ್ನಡದ ಕೆಳಗೆ ಹಿಂದಿಯಲ್ಲಿಯೂ ಬರೆಸುತ್ತೇನೆ, ಓದಲು ಬಾರದವರಿಗಾಗಿ ಕೆಂಪು ಚೀಟಿಯಲ್ಲಿ ದೊಡ್ಡ ಅಡ್ಡಗೆರೆಯ ಗುರುತು ಇರುತ್ತದೆ.

ಹಳದಿ ಚೀಟಿ ಬೇಡವೆಂದಲ್ಲ. ಸಾಮಾನು ಇಳಿಸಲು ಕೈಪಟ್ಟಿ ತೆಗೆದಿದ್ದಾಗ ಅದನ್ನು ಬಳಸುತ್ತೇನೆ. ಆದರೆ "ಎಚ್ಚರಿಕೆಯಿಂದ ಬಳಸಿ" ಎಂದು ಬರೆಯುವುದಿಲ್ಲ, ಏಕೆಂದರೆ ಯಾವುದಕ್ಕೆ ಎಚ್ಚರ ಎಂದು ಕೆಲಸಗಾರನಿಗೆ ತಿಳಿಯುವುದಿಲ್ಲ. "3ನೇ ಹಂತ, 5-6ನೇ ಕಂಬಗಳ ನಡುವೆ ಹೊರಗಿನ ಕೈಪಟ್ಟಿ ಇಲ್ಲ. ಬೆಲ್ಟಿನ ಕೊಕ್ಕೆಯನ್ನು ಲೈಫ್‌ಲೈನ್‌ಗೆ ಹಾಕಿದವರು ಮಾತ್ರ ಇಲ್ಲಿ ನಿಲ್ಲಬೇಕು. ಇಂದು ಸಂಜೆಯವರೆಗೆ ಮಾತ್ರ" ಎಂದು ಬರೆಯುತ್ತೇನೆ. ಸಂಜೆ ಕೈಪಟ್ಟಿ ಮರಳಿ ಬಂದಿರದಿದ್ದರೆ ಆ ಚೀಟಿಯ ಜಾಗಕ್ಕೆ ಕೆಂಪು ಬರುತ್ತದೆ.