ಸಂಭಾಷಣೆಯನ್ನು ಒಡೆಯಬೇಕಾದ ಜಾಗ: ನನ್ನ ಅನುಭವ

ನನ್ನ ಡೊಂಬಿವಲಿಯ ಕಥೆಯ ಕರಡು ಸುಮಾರು ನಲವತ್ತು ಪುಟ. ಮಾತುಗಳನ್ನೆಲ್ಲ ಬೇರೆ ಬೇರೆ ಪ್ಯಾರಾ ಮಾಡುತ್ತೇನೆ ಎಂದಾಗ ಬಳಗದ ಗೆಳೆಯರು, ಕನ್ನಡದಲ್ಲಿ ‘ಎಂದ’, ‘ಎಂದಳು’ ಇರುವಾಗ ಅದೆಲ್ಲ ಬೇಕಿಲ್ಲ ಎಂದಿದ್ದರು. ಈಗ ಅವರೇ ಫೈಲು ಕೇಳುತ್ತಿದ್ದಾರೆ.

ಮೊದಲು ದಾದರಿನ ಡಿಟಿಪಿಯವರೊಬ್ಬರಿಗೆ ಕೊಟ್ಟೆ. ಸುಮಾರು ಸಾವಿರದ ಎಂಟುನೂರು ರೂಪಾಯಿ ಹೋಯಿತು. ತೆರೆಯುವ ಉದ್ಧರಣ ಚಿಹ್ನೆ ಬಂದಲ್ಲೆಲ್ಲ ಅದರ ಮೊದಲು ಹೊಸ ಸಾಲು ಹಾಕಿ ಕಳಿಸಿದ್ದರು. ಫಲ ಹೀಗಿತ್ತು:

ಅತ್ತಿಗೆ ಕೊಡ ಕೆಳಗಿಟ್ಟು
“ನೀರು ಬಂತೇ”. ಎಂದಳು ರಾಮಣ್ಣ ತಲೆಯಾಡಿಸಿ
‘ಇನ್ನೂ ಇಲ್ಲ, ಹತ್ತಕ್ಕೆ ಬರುತ್ತದಂತೆ.’ ಎಂದ

ತಲೆಯಾಡಿಸಿದವನು ಅತ್ತಿಗೆಯ ಪ್ಯಾರಾದಲ್ಲಿ ಸಿಕ್ಕಿಬಿದ್ದ. ನಮ್ಮ ವಾಕ್ಯದಲ್ಲಿ ಕರ್ತೃ ಸಾಮಾನ್ಯವಾಗಿ ಮಾತಿಗಿಂತ ಮೊದಲು, ಕ್ರಿಯಾಪದ ಮಾತಿನ ನಂತರ ಬರುವುದರಿಂದ, ಒಡೆಯಬೇಕಾದದ್ದು ಚಿಹ್ನೆಯ ಹತ್ತಿರವಲ್ಲ, ಮಾತನಾಡುವವನ ಹೆಸರು ಅಥವಾ ಅವನ ಚಲನೆ ಶುರುವಾಗುವಲ್ಲಿ. ಇದು ಹೊಳೆಯಲು ನನಗೆ ಎರಡು ವಾರ ಹಿಡಿಯಿತು. ಆಮೇಲೆ ಕರಡನ್ನು ಮುದ್ರಿಸಿಕೊಂಡು, ಒಬ್ಬೊಬ್ಬರ ಚಲನೆ ಮತ್ತು ಮಾತಿಗೆ ಒಂದೊಂದು ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದೆ. ಬಣ್ಣ ಬದಲಾದಲ್ಲೆಲ್ಲ ಎಂಟರ್ ಒತ್ತಿದೆ. ಕೊನೆಗೆ ಚಿಹ್ನೆಗಳನ್ನೂ ತಿದ್ದಿದ ಮೇಲೆ ಹೀಗಾಯಿತು:

ಅತ್ತಿಗೆ ಕೊಡ ಕೆಳಗಿಟ್ಟು, “ನೀರು ಬಂತೇ?” ಎಂದಳು.
ರಾಮಣ್ಣ ತಲೆಯಾಡಿಸಿ, “ಇನ್ನೂ ಇಲ್ಲ, ಹತ್ತಕ್ಕೆ ಬರುತ್ತದಂತೆ,” ಎಂದ.

ಚಿಹ್ನೆಗಳನ್ನು ಆಮೇಲೆಯೇ ಮುಟ್ಟಬೇಕು. ಜೋಡಿ ಚಿಹ್ನೆ ಮಾತಿಗೆ, ಒಂಟಿ ಚಿಹ್ನೆ ಮಾತಿನೊಳಗಿನ ಮಾತಿಗೆ, ‘ಎಂದ’ದ ಮೊದಲು ಅಲ್ಪವಿರಾಮ ಒಳಗೆ ಎಂದು ನಿಶ್ಚಯಿಸಿ, ಒಂಟಿ ಚಿಹ್ನೆಗಳನ್ನೂ ಬಿಟ್ಟುಹೋದ ಪ್ರಶ್ನಾರ್ಥಕ, ಪೂರ್ಣವಿರಾಮಗಳನ್ನೂ ಕೈಯಿಂದಲೇ ತಿದ್ದಿದೆ. ಉಳಿದದ್ದಕ್ಕೆ ಲಿಬ್ರೆಆಫೀಸ್ ರೈಟರಿನ ಹುಡುಕು-ಬದಲಿಸು ಸಾಕಾಯಿತು. ಮೊದಲ ಸೂತ್ರ ಪ್ರಶ್ನಾರ್ಥಕದ ನಂತರವೂ ಅಲ್ಪವಿರಾಮ ಹಾಕಿ ನೂರಾರು ಕಡೆ “ಬಂತೇ?,” ಮಾಡಿಟ್ಟಿತು. ನಿಂತದ್ದು ಇದು, ರೆಗ್ಯುಲರ್ ಎಕ್ಸ್‌ಪ್ರೆಷನ್ ಆಯ್ಕೆ ಹಾಕಿಕೊಂಡು:

```
ಹುಡುಕು:  ([^?!.,…])[.,]?”[.,]?\s*ಎಂದ
ಬದಲಿಸು: $1,” ಎಂದ
```

ಪ್ರಶ್ನೆ, ಉದ್ಗಾರ, ಚುಕ್ಕಿಸಾಲುಗಳನ್ನು ಇದು ಮುಟ್ಟುವುದಿಲ್ಲ. ‘ಅಂತ’, ‘ಕೇಳಿದಳು’ಗಳಿಗೆ ಬೇರೆಯಾಗಿಯೇ ಓಡಿಸಬೇಕು. ನಡುವೆ ಉದ್ಧರಣ ಚಿಹ್ನೆ ಬಿಟ್ಟು ಬರಿಯ ಅಡ್ಡಗೆರೆಯಿಂದ ಮಾತು ಆರಂಭಿಸಿಯೂ ನೋಡಿದೆ. ನೋಡಲು ಅಂದವಾಗಿತ್ತು, ಆದರೆ ಮಾತು ಎಲ್ಲಿ ಮುಗಿದು ‘ಎಂದ’ಕ್ಕೆ ದಾರಿ ಬಿಡುತ್ತದೆ ಎಂಬುದು ಮಸುಕಾಯಿತು, ಐದಾರು ಪುಟಕ್ಕೇ ಕೈಬಿಟ್ಟೆ.

ಮೌನವಾಗಿ ಕೇಳುವವರ ಚಲನೆಗೆ ಬೇರೆಯೇ ಪ್ಯಾರಾ ಕೊಟ್ಟೆ, ಮಾತನಾಡುವವನ ಪ್ಯಾರಾದಲ್ಲಿ ಸೇರಿಸಲಿಲ್ಲ. ಒಂದೇ ಪಾತ್ರ ಎರಡು ಪ್ಯಾರಾ ಮಾತನಾಡಿದರೆ ಮೊದಲನೆಯದರ ಕೊನೆಗೆ ಮುಚ್ಚುವ ಚಿಹ್ನೆ ಹಾಕದೆ, ಎರಡನೆಯದನ್ನು ಮತ್ತೆ ತೆರೆಯುವ ಚಿಹ್ನೆಯಿಂದ ಆರಂಭಿಸಿದೆ. ಮೂವರು ಒಟ್ಟಿಗೆ ಮಾತನಾಡುವ ನಲ್ಲಿಕಟ್ಟೆಯ ದೃಶ್ಯದಲ್ಲಿ ಹೆಸರುಗಳನ್ನು ಅರ್ಧಕ್ಕಿಳಿಸಿದ ಉಪಾಯವನ್ನು ಮಾತ್ರ ಮುಂದಿನ ಕಥೆ ಮುಗಿಯುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.