ರಕ್ತದಾನ ಶಿಬಿರದ ಪೋಸ್ಟರ್: ಕರೆಯ ಸಾಲನ್ನು ಬರೆಯುವುದು ಹೇಗೆ?

ಶಿರಸಿಯ ಪದವಿ ಕಾಲೇಜೊಂದರಲ್ಲಿ ಬರುವ ಬುಧವಾರ ರಕ್ತದಾನ ಶಿಬಿರವಿದೆ ಎಂದುಕೊಳ್ಳೋಣ. ಪೋಸ್ಟರ್‌ನ ಕೆಳಭಾಗದಲ್ಲಿ ಸಾಮಾನ್ಯವಾಗಿ ‘ರಕ್ತದಾನ ಮಾಡಿ, ಜೀವ ಉಳಿಸಿ’ ಎಂದೋ, ‘ಸರ್ವರೂ ಭಾಗವಹಿಸಬೇಕಾಗಿ ವಿನಂತಿ’ ಎಂದೋ ಇರುತ್ತದೆ. ಇವುಗಳನ್ನು ಓದಿ ಮನಸ್ಸು ಮಾಡಿದ ವಿದ್ಯಾರ್ಥಿಗೂ ತಾನು ಈಗ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ.

ಆದ್ದರಿಂದ ಮೊದಲು, ಓದುಗ ಪೋಸ್ಟರ್‌ನ ಎದುರು ನಿಂತಿರುವಾಗಲೇ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಬೇಕು. ರಕ್ತ ಕೊಡುವುದು ಬುಧವಾರದ ಕೆಲಸ, ಹೆಸರು ಬರೆಯುವುದು ಇಂದಿನ ಕೆಲಸ. ಪೋಸ್ಟರ್‌ನ ಪಕ್ಕದಲ್ಲೇ ಪಟ್ಟಿಯೊಂದನ್ನು ಅಂಟಿಸಿ, ಪೆನ್ನನ್ನು ದಾರದಲ್ಲಿ ಕಟ್ಟಿಡುವುದು ಒಳ್ಳೆಯದು.

ಪಟ್ಟಿಯಲ್ಲಿ ಸಮಯವನ್ನೂ ಹಂಚಬೇಕು. ಇಲ್ಲವಾದರೆ ಎಲ್ಲರೂ 11 ಗಂಟೆಯ ಬಿಡುವಿನಲ್ಲೇ ಬಂದು, ಸಾಲು ನೋಡಿ ತರಗತಿಗೆ ಮರಳುತ್ತಾರೆ. ರಕ್ತ ತೆಗೆಯುವುದಕ್ಕೆ ಸುಮಾರು 10 ನಿಮಿಷ ಸಾಕು, ಆದರೆ ಒಬ್ಬರು ಎದ್ದು ಮತ್ತೊಬ್ಬರು ಮಲಗುವುದಕ್ಕೂ ಸಮಯ ಬೇಕಾಗುವುದರಿಂದ ಒಂದು ಮಂಚಕ್ಕೆ ಅರ್ಧ ಗಂಟೆಗೆ ಇಬ್ಬರೆಂದು ಲೆಕ್ಕ ಹಾಕಬಹುದು. ನಾಲ್ಕು ಮಂಚಗಳಿದ್ದರೆ ಅರ್ಧ ಗಂಟೆಗೆ ಎಂಟು ಹೆಸರು. 10ರಿಂದ 1 ಗಂಟೆಯವರೆಗೆ ಒಟ್ಟು 48. ಫಾರಂ ತುಂಬುವುದು, ತಪಾಸಣೆ, ಕೊನೆಯ ವಿಶ್ರಾಂತಿ ಎಲ್ಲವೂ ಸೇರಿದರೆ ದಾನಿಗೆ ಸುಮಾರು ಒಂದು ಗಂಟೆಯೇ ಬೇಕಾಗಬಹುದು. ಅದನ್ನು ಮರೆಮಾಚಬಾರದು.

ಈಗ ಸಾಲು ಹೀಗಾಗುತ್ತದೆ: ‘ಬುಧವಾರ ನಿಮಗೆ ಒಂದು ಗಂಟೆ ಬಿಡುವು ಯಾವಾಗ? ಪಕ್ಕದ ಪಟ್ಟಿಯಲ್ಲಿ ಆ ಸಮಯದ ಎದುರು ಸೋಮವಾರದೊಳಗೆ ಹೆಸರು ಬರೆಯಿರಿ.’ ‘ನೋಂದಾಯಿಸಿಕೊಳ್ಳತಕ್ಕದ್ದು’ ಎಂಬ ಕಚೇರಿ ಭಾಷೆ ಇಲ್ಲಿ ಬೇಡ. ‘ಬರೆಯಿರಿ’ ಎಂಬುದರಲ್ಲಿ ಗೌರವವೂ ಇದೆ, ಸ್ಪಷ್ಟತೆಯೂ ಇದೆ. ಹಾಜರಾತಿ ಕೊಡುತ್ತೇವೆಂಬ ಆಮಿಷವನ್ನಂತೂ ಸೇರಿಸಲೇಬಾರದು, ಏಕೆಂದರೆ ಆಮಿಷಕ್ಕೆ ಬಂದವರು ತಮ್ಮ ಕಾಯಿಲೆಯನ್ನೋ ಔಷಧಿಯನ್ನೋ ತಪಾಸಣೆಯಲ್ಲಿ ಮುಚ್ಚಿಡುವ ಅಪಾಯವಿದೆ.

ಅದರ ಕೆಳಗೆ, ಚಿಕ್ಕ ಅಕ್ಷರಗಳಲ್ಲಿ, ಯಾರು ಕೊಡಬಹುದೆಂದು ತಿಳಿಸಬೇಕು: ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು, ಹಿಂದೆ ರಕ್ತ ಕೊಟ್ಟಿದ್ದರೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಕಳೆದಿರಬೇಕು. ಅದೇ ಆವರಣದಲ್ಲಿ ಪಿಯುಸಿ ತರಗತಿಗಳಿದ್ದರೆ ವಯಸ್ಸಿನ ಮಾತು ಇನ್ನಷ್ಟು ಎದ್ದು ಕಾಣಲಿ. ಹಿಮೋಗ್ಲೋಬಿನ್ ಮುಂತಾದವನ್ನು ಶಿಬಿರದಲ್ಲೇ ನೋಡುತ್ತಾರೆ, ಪೋಸ್ಟರ್‌ಗೆ ಅದು ಭಾರ.

ನನ್ನ ದೃಷ್ಟಿಯಲ್ಲಿ ಬಿಡಲೇಬಾರದ ಇನ್ನೊಂದು ಮಾತು, ‘ತಿಂಡಿ ತಿಂದು ಬನ್ನಿ’ ಎಂಬುದು. ಸಿದ್ದಾಪುರ, ಬನವಾಸಿ ಕಡೆಯಿಂದ ಬೆಳಗಿನ ಬಸ್ಸು ಹಿಡಿಯುವ ಮಕ್ಕಳು ಎಷ್ಟೋ ಸಲ ಚಹಾ ಕುಡಿದು ಹೊರಟಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ತಲೆಸುತ್ತು ಬರಬಹುದು.

ಮುದ್ರಣಕ್ಕೆ ಮೊದಲು ಕರಡನ್ನು ಗೋಡೆಗೆ ಹಚ್ಚಿ, ಶಿಬಿರದ ಸುದ್ದಿಯೇ ಗೊತ್ತಿಲ್ಲದ ಒಬ್ಬ ವಿದ್ಯಾರ್ಥಿಯನ್ನು ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ‘ನೀನು ಈಗ ಏನು ಮಾಡುತ್ತೀ?’ ಎಂದು ಕೇಳಿ. ‘ರಕ್ತ ಕೊಡಬೇಕು’ ಎಂದರೆ ಸಾಲನ್ನು ತಿದ್ದಬೇಕು. ‘ಹೆಸರು ಬರೆಯಬೇಕು, ಪಟ್ಟಿ ಎಲ್ಲಿ?’ ಎಂದರೆ ಮುದ್ರಣಕ್ಕೆ ಕಳಿಸಬಹುದು.