ನಿವೃತ್ತಿಯ ದಿನ ಪಿಎಫ್ ಎಷ್ಟಿರುತ್ತದೆ? ನೀವೇ ಲೆಕ್ಕ ಹಾಕಿ

ಪಿಎಫ್ ಪಾಸ್‌ಬುಕ್‌ನಲ್ಲಿ ಇವತ್ತು ಎಷ್ಟಿದೆ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. 58 ತುಂಬಿದಾಗ ಎಷ್ಟಾಗುತ್ತದೆ ಅನ್ನುವುದು ಮಾತ್ರ ಅಲ್ಲಿ ಇರುವುದಿಲ್ಲ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಒಂದೊಂದು ಒಂದೊಂದು ಮೊತ್ತ ಹೇಳುತ್ತವೆ. ಅದಕ್ಕೆ ಕಾರಣ ಎರಡು: ಖಾತೆಗೆ ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನುವುದನ್ನು ಅವು ಊಹಿಸಿಕೊಳ್ಳುತ್ತವೆ, ಬಡ್ಡಿಯನ್ನೂ ತಮ್ಮದೇ ರೀತಿಯಲ್ಲಿ ಕಟ್ಟುತ್ತವೆ. ಇವೆರಡನ್ನೂ ಸರಿಯಾಗಿ ಹಿಡಿದರೆ ಇಪ್ಪತ್ತು ಸಾಲಿನ ಒಂದು ಎಕ್ಸೆಲ್ ಹಾಳೆ ಸಾಕು.

ಉದಾಹರಣೆಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ 38 ವರ್ಷದ ಒಬ್ಬರನ್ನು ಇಟ್ಟುಕೊಳ್ಳೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 25,000 ರೂಪಾಯಿ. ಖಾತೆಯಲ್ಲಿ ಏಪ್ರಿಲ್ 1ಕ್ಕೆ 4 ಲಕ್ಷ ಇದೆ. ಸಂಬಳ ವರ್ಷಕ್ಕೆ ಶೇ 6ರಷ್ಟು ಏರುತ್ತದೆ ಅಂದುಕೊಳ್ಳೋಣ. ನಿವೃತ್ತಿಗೆ ಇನ್ನು 20 ವರ್ಷ. ಬಡ್ಡಿ ಶೇ 8.25, ಅಂದರೆ 2023-24 ಮತ್ತು 2024-25ರಲ್ಲಿ ಕೊಟ್ಟ ದರ.

ಮೊದಲು: ತಿಂಗಳಿಗೆ ಖಾತೆಗೆ ಬೀಳುವುದೆಷ್ಟು?

ನಿಮ್ಮ ಸಂಬಳದಿಂದ ಶೇ 12 ಹಿಡಿಯುತ್ತಾರೆ. ಇವರಿಗೆ ಅದು 3,000. ಕಂಪನಿಯೂ 3,000 ಕೊಡುತ್ತದೆ. ಹಾಗಾಗಿ ತಿಂಗಳಿಗೆ 6,000 ಸೇರುತ್ತದೆ ಅಂತ ಬಹಳ ಜನ ಲೆಕ್ಕ ಹಾಕುತ್ತಾರೆ. ಆದರೆ ಕಂಪನಿಯ ಪಾಲಿನಲ್ಲಿ ಒಂದು ಭಾಗ ಪಿಂಚಣಿ ಯೋಜನೆಗೆ ಹೋಗುತ್ತದೆ. ಅದು ವೇತನದ ಶೇ 8.33. ಈ ಲೆಕ್ಕಕ್ಕೆ ವೇತನದ ಮಿತಿ 15,000 ಇರುವುದರಿಂದ ಹೆಚ್ಚೆಂದರೆ 1,250. ಅಂದರೆ ಕಂಪನಿಯ ಕಡೆಯಿಂದ ಪಿಎಫ್‌ಗೆ ಉಳಿಯುವುದು 1,750. ಎರಡೂ ಸೇರಿ 4,750.

ಪಾಸ್‌ಬುಕ್‌ನಲ್ಲಿ ಪಿಂಚಣಿಗೆ ಬೇರೆ ಕಾಲಂ ಇರುತ್ತದೆ. ಅದರಲ್ಲಿ ಪ್ರತಿ ತಿಂಗಳು 1,250 ಕಾಣಿಸುತ್ತದೆ. ಅದಕ್ಕೆ ಬಡ್ಡಿ ಸೇರುವುದಿಲ್ಲ, ನಿವೃತ್ತಿಯ ದಿನ ಪಿಎಫ್ ಜೊತೆ ಕೈಗೆ ಬರುವ ಹಣವೂ ಅದಲ್ಲ. ಅದರಿಂದ ಬರುವುದು ತಿಂಗಳ ಪಿಂಚಣಿ. ಈ ಲೆಕ್ಕದಿಂದ ಆ ಕಾಲಂ ಪೂರ್ತಿ ಬಿಟ್ಟುಬಿಡಿ.

ಇದರಲ್ಲಿ ಒಂದು ಒಳ್ಳೆಯ ಸಂಗತಿಯೂ ಇದೆ. ಸಂಬಳ ಏರಿದರೂ 1,250 ಏರುವುದಿಲ್ಲ. ಮುಂದಿನ ವರ್ಷ ವೇತನ 26,500 ಆದಾಗ ಎರಡೂ ಪಾಲು ಸೇರಿ 6,360. ಅದರಲ್ಲಿ 1,250 ಕಳೆದರೆ 5,110. ಸಂಬಳ ಏರಿದ್ದು ಶೇ 6, ಪಿಎಫ್‌ಗೆ ಬೀಳುವ ಹಣ ಏರಿದ್ದು ಶೇ 7.6.

2014ರ ಸೆಪ್ಟೆಂಬರ್ 1ರಿಂದ ಈಚೆಗೆ ಮೊದಲ ಸಲ ಪಿಎಫ್‌ಗೆ ಸೇರಿದವರಲ್ಲಿ, ಸೇರುವಾಗಲೇ 15,000ಕ್ಕಿಂತ ಜಾಸ್ತಿ ವೇತನ ಇದ್ದವರು ಪಿಂಚಣಿ ಯೋಜನೆಗೆ ಬರುವುದಿಲ್ಲ. ಅವರಿಗೆ ಎರಡೂ ಪಾಲು ಪೂರ್ತಿ ಪಿಎಫ್‌ಗೇ ಹೋಗುತ್ತದೆ, 1,250 ಕಳೆಯಬೇಕಿಲ್ಲ.

ಮುಂದುವರಿಯುವ ಮೊದಲು ಇದೊಂದು ನೋಡಿ

ನಿಮ್ಮ ಪಾಸ್‌ಬುಕ್‌ನಲ್ಲಿ ನಿಮ್ಮ ಪಾಲು ಪ್ರತಿ ತಿಂಗಳು ಸರಿಯಾಗಿ 1,800 ಇದೆಯಾ? ಇಂಕ್ರಿಮೆಂಟ್ ಆದಮೇಲೂ ಅಷ್ಟೇ ಇದೆಯಾ? ಹಾಗಿದ್ದರೆ ಕಂಪನಿ 15,000ದ ಮಿತಿಯ ಮೇಲೆ ಮಾತ್ರ ಪಿಎಫ್ ಕಟ್ಟುತ್ತಿದೆ ಎಂದರ್ಥ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಆಗ ನಿಮ್ಮ ಸಂಬಳ ಎಷ್ಟೇ ಏರಿದರೂ ಪಿಎಫ್‌ಗೆ ಬೀಳುವುದು ನಿಮ್ಮ 1,800 ಮತ್ತು ಕಂಪನಿಯ 550, ಒಟ್ಟು 2,350. ಮಿತಿ ಬದಲಾಗುವ ತನಕ ಅದು ಅಲ್ಲಾಡುವುದಿಲ್ಲ. ಸಂಬಳ ಏರಿಕೆಯ ಲೆಕ್ಕ ನಿಮಗೆ ಅನ್ವಯಿಸುವುದೇ ಇಲ್ಲ. ಕೊನೆಯ ಮೊತ್ತದಲ್ಲಿ ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಅನ್ನುವುದನ್ನು ಮುಂದೆ ನೋಡೋಣ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ.

ಬಡ್ಡಿ: ತಿಂಗಳಿಗೊಮ್ಮೆ ಲೆಕ್ಕ, ವರ್ಷಕ್ಕೊಮ್ಮೆ ಜಮಾ

ಪ್ರತಿ ತಿಂಗಳ ಆರಂಭದಲ್ಲಿ ಖಾತೆಯಲ್ಲಿ ಎಷ್ಟಿರುತ್ತದೋ ಅದರ ಮೇಲೆ ಆ ತಿಂಗಳ ಬಡ್ಡಿ ಲೆಕ್ಕ ಆಗುತ್ತದೆ. 8.25ನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಶೇ 0.6875. ಆದರೆ ಆ ಬಡ್ಡಿಯನ್ನು ಆ ತಿಂಗಳೇ ಅಸಲಿಗೆ ಸೇರಿಸುವುದಿಲ್ಲ. ಹನ್ನೆರಡು ತಿಂಗಳದ್ದನ್ನು ಪಕ್ಕಕ್ಕೆ ಇಟ್ಟು, ಕೂಡಿಸಿ, ಮಾರ್ಚ್ 31ರ ಲೆಕ್ಕಕ್ಕೆ ಜಮಾ ಮಾಡುತ್ತಾರೆ. ವರ್ಷದ ಒಳಗೆ ಬಡ್ಡಿಯ ಮೇಲೆ ಬಡ್ಡಿ ಇಲ್ಲ. ಹಾಗೆಯೇ ಒಂದು ತಿಂಗಳಲ್ಲಿ ಜಮಾ ಆದ ಹಣಕ್ಕೆ ಬಡ್ಡಿ ಶುರುವಾಗುವುದು ಮುಂದಿನ ತಿಂಗಳಿಂದ.

ನಮ್ಮ ಉದಾಹರಣೆಯಲ್ಲಿ ಏಪ್ರಿಲ್ ಬಡ್ಡಿ 4,00,000ದ ಮೇಲೆ: 2,750. ಏಪ್ರಿಲ್‌ನಲ್ಲಿ 4,750 ಜಮಾ ಆಯಿತು. ಮೇ ಬಡ್ಡಿ 4,04,750ರ ಮೇಲೆ: 2,782.66. ಜೂನ್ ಬಡ್ಡಿ 4,09,500ರ ಮೇಲೆ: 2,815.31. ಹೀಗೇ ಹೋಗಿ ಮಾರ್ಚ್‌ಗೆ 4,52,250ರ ಮೇಲೆ 3,109.22. ಹನ್ನೆರಡನ್ನೂ ಕೂಡಿಸಿದರೆ 35,155.

ಪ್ರತಿ ವರ್ಷ ಹನ್ನೆರಡು ಸಾಲು ಬರೆಯುವ ಕಷ್ಟ ಬೇಡ. ಏಪ್ರಿಲ್‌ನಲ್ಲಿ ಬಿದ್ದ ಹಣಕ್ಕೆ 11 ತಿಂಗಳ ಬಡ್ಡಿ, ಮೇನಲ್ಲಿ ಬಿದ್ದದ್ದಕ್ಕೆ 10, ಕೊನೆಗೆ ಮಾರ್ಚ್‌ನಲ್ಲಿ ಬಿದ್ದದ್ದಕ್ಕೆ ಸೊನ್ನೆ. ಕೂಡಿಸಿದರೆ 66 ತಿಂಗಳು. ಅಂದರೆ ತಿಂಗಳ ಜಮಾವನ್ನು 66ರಿಂದ ಗುಣಿಸಿ ಒಂದು ತಿಂಗಳ ಬಡ್ಡಿ ಹಾಕಿದರೆ ಆ ವರ್ಷದ ಜಮಾದ ಬಡ್ಡಿ ಸಿಗುತ್ತದೆ. ಇಲ್ಲಿ ಅದು 2,155. ಹಳೆಯ 4 ಲಕ್ಷಕ್ಕೆ ಪೂರ್ತಿ ವರ್ಷದ 33,000. ಒಟ್ಟು ಅದೇ 35,155.

ಹಾಳೆ ಹಾಕುವುದು

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಆರು ಕಾಲಂ ಮಾಡಿ: ವರ್ಷ, ವೇತನ, ತಿಂಗಳ ಜಮಾ, ಆರಂಭದ ಮೊತ್ತ, ಬಡ್ಡಿ, ವರ್ಷದ ಕೊನೆಯ ಮೊತ್ತ. ಮೊದಲ ಸಾಲು ತಲೆಬರಹಕ್ಕೆ. ಎರಡನೇ ಸಾಲಿನಲ್ಲಿ ನಿಮ್ಮ ಇವತ್ತಿನ ಅಂಕಿ ಹಾಕಿ:

```
B2: 25000
C2: =2*ROUND(B2*12%,0)-1250
D2: 400000
E2: =ROUND(D2*8.25%+C2*66*8.25%/12,0)
F2: =D2+12*C2+E2
```

ಮೂರನೇ ಸಾಲಿನಲ್ಲಿ ಬದಲಾಗುವುದು ಎರಡೇ:

```
B3: =B2*1.06
D3: =F2
```

C, E, F ಕಾಲಂಗಳ ಸೂತ್ರವನ್ನು ಕೆಳಗೆ ಎಳೆಯಿರಿ. ಮೂರನೇ ಸಾಲನ್ನು 21ನೇ ಸಾಲಿನ ತನಕ ಎಳೆದರೆ ಇಪ್ಪತ್ತು ವರ್ಷ ಮುಗಿಯಿತು. ಮೊದಲ ವರ್ಷದ ಕೊನೆಗೆ 4,92,155 ಬರಬೇಕು, ಎರಡನೇ ವರ್ಷಕ್ಕೆ 5,96,396. ಇವು ಬಂದರೆ ಹಾಳೆ ಸರಿ ಇದೆ.

ಸಂಬಳ ಏರಿಕೆ ಏಪ್ರಿಲ್ ಜಮಾದಿಂದಲೇ ಶುರು ಅಂತ ಇಲ್ಲಿ ಇಟ್ಟುಕೊಂಡಿದ್ದೇವೆ. ನಿಜದಲ್ಲಿ ಏಪ್ರಿಲ್ ಸಂಬಳದ ಪಿಎಫ್ ಕಟ್ಟಲು ಮೇ 15ರ ತನಕ ಸಮಯ ಇರುತ್ತದೆ. ಪಾಸ್‌ಬುಕ್‌ನಲ್ಲೂ ಏಪ್ರಿಲ್ ವೇತನದ ಮುಂದೆ ಮೇ ತಿಂಗಳ ಜಮಾ ಅಂತಲೇ ಇರುತ್ತದೆ. ಒಂದು ತಿಂಗಳ ಈ ವ್ಯತ್ಯಾಸ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸಣ್ಣದು. ಆದರೆ ಕಳೆದ ವರ್ಷದ ಬಡ್ಡಿಯನ್ನು ತಾಳೆ ನೋಡುವಾಗ ಮಾರ್ಚ್ ಸಂಬಳದ ಪಿಎಫ್ ಮುಂದಿನ ವರ್ಷಕ್ಕೆ ಸೇರುತ್ತದೆ ಅನ್ನುವುದು ನೆನಪಿರಲಿ. ತಾಳೆ ಆಗದಿರಲು ಸಾಮಾನ್ಯವಾಗಿ ಇದೇ ಕಾರಣ.

ಏನು ಬಂತು?

ಹತ್ತು ವರ್ಷಕ್ಕೆ ಸುಮಾರು 20.5 ಲಕ್ಷ. ಇಪ್ಪತ್ತಕ್ಕೆ ಸುಮಾರು 67.8 ಲಕ್ಷ. ಕೊನೆಯ ವರ್ಷವೊಂದರಲ್ಲೇ ಬಡ್ಡಿ 5 ಲಕ್ಷ ದಾಟುತ್ತದೆ. ಆ ವರ್ಷ ಜಮಾ ಆಗುವುದು 2 ಲಕ್ಷದ ಆಸುಪಾಸು. ಹಾಗಾಗಿ ಕೊನೆಯ ಹತ್ತು ವರ್ಷ ದುಡ್ಡು ಮುಟ್ಟದೆ ಇಡುವುದಕ್ಕೆ ಬಹಳ ಬೆಲೆ ಇದೆ.

67.8 ಲಕ್ಷ ಕೇಳಲು ದೊಡ್ಡದು. ಆದರೆ ಸಂಬಳವೂ ಆಗ 75,000 ದಾಟಿರುತ್ತದೆ. ಆ ಲೆಕ್ಕದಲ್ಲಿ ಇದು ಸುಮಾರು 90 ತಿಂಗಳ ವೇತನ. ಇವತ್ತಿನ 4 ಲಕ್ಷ 16 ತಿಂಗಳ ವೇತನ. ಬರೀ ರೂಪಾಯಿಗಿಂತ ಈ ಹೋಲಿಕೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಈಗ ಅದೇ ಹಾಳೆಯಲ್ಲಿ ಏರಿಕೆ ತೆಗೆದು ಹಾಕಿ, 1.06 ಬದಲು 1 ಬರೆಯಿರಿ. ಮೊತ್ತ 47.4 ಲಕ್ಷಕ್ಕೆ ಇಳಿಯುತ್ತದೆ. ಇನ್ನು C ಕಾಲಂನಲ್ಲಿ ಎಲ್ಲ ಕಡೆ 2350 ಹಾಕಿ ನೋಡಿ. ಅದು ಮಿತಿಯ ಮೇಲೆ ಪಿಎಫ್ ಕಟ್ಟುವ ಕಂಪನಿಯ ಲೆಕ್ಕ. ಬರುವುದು 33.3 ಲಕ್ಷ. ಅದೇ ಸಂಬಳ, ಅದೇ ಬಡ್ಡಿ, ಅದೇ ಇಪ್ಪತ್ತು ವರ್ಷ, ಆದರೆ ಅರ್ಧಕ್ಕೂ ಕಡಿಮೆ. ನಿಮ್ಮದು ಈ ಸ್ಥಿತಿ ಆದರೆ ನಿಮ್ಮ ಪಾಲನ್ನಾದರೂ ಸ್ವಇಚ್ಛೆಯಿಂದ ಹೆಚ್ಚಿಸಬಹುದಾ ಅಂತ ಎಚ್‌ಆರ್‌ನವರನ್ನು ಕೇಳಿ.

ಲೆಕ್ಕ ತಪ್ಪುವ ಜಾಗಗಳು

ಮೊದಲನೆಯದು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುವುದು. ಹಾಗೆ ಮಾಡಿದರೆ 8.25 ಅನ್ನುವುದು 8.57 ಆಗಿಬಿಡುತ್ತದೆ. ಹಳೆಯ 4 ಲಕ್ಷ ಒಂದೇ 20 ವರ್ಷಕ್ಕೆ 19.5 ಲಕ್ಷದ ಬದಲು 20.7 ಲಕ್ಷ ತೋರಿಸುತ್ತದೆ. ಯಾವುದೋ ಕ್ಯಾಲ್ಕುಲೇಟರ್ ಸರಿ ಇದೆಯಾ ಅಂತ ನೋಡಲು ಸುಲಭ ದಾರಿ ಇದೆ. ಜಮಾ ಸೊನ್ನೆ, ಆರಂಭದ ಮೊತ್ತ 1 ಲಕ್ಷ, ಅವಧಿ ಒಂದು ವರ್ಷ ಹಾಕಿ. ಬಡ್ಡಿ 8,250 ಬರಬೇಕು. 8,569 ಬಂದರೆ ಅದನ್ನು ಬಿಟ್ಟುಬಿಡಿ.

ಎರಡನೆಯದು ಮಧ್ಯದಲ್ಲಿ ತೆಗೆದ ಹಣ. ಮುಂಗಡ ತೆಗೆದ ಮೊತ್ತಕ್ಕೆ ಅದರ ಹಿಂದಿನ ತಿಂಗಳ ಕೊನೆಯ ತನಕ ಮಾತ್ರ ಬಡ್ಡಿ. ಸೆಪ್ಟೆಂಬರ್‌ನಲ್ಲಿ 1 ಲಕ್ಷ ತೆಗೆದರೆ ಸೆಪ್ಟೆಂಬರ್‌ನಿಂದ ಮಾರ್ಚ್ ತನಕ ಏಳು ತಿಂಗಳ ಬಡ್ಡಿ, ಅಂದರೆ 4,812 ರೂಪಾಯಿ ಐವತ್ತು ಪೈಸೆ, ಆ ವರ್ಷದ E ಕಾಲಂನಲ್ಲಿ ಕಳೆಯಬೇಕು. F ಕಾಲಂನಲ್ಲಿ 1 ಲಕ್ಷ ಕಳೆಯಬೇಕು. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. 48ನೇ ವಯಸ್ಸಿನಲ್ಲಿ ತೆಗೆದ 1 ಲಕ್ಷ 58ಕ್ಕೆ ಸುಮಾರು 2.2 ಲಕ್ಷ ಕಡಿಮೆ ಮಾಡುತ್ತದೆ. ಮನೆಗೋ ಮದುವೆಗೋ ತೆಗೆಯಲೇಬೇಕಾದಾಗ ತೆಗೆಯಿರಿ, ಆದರೆ ಈ ಮೊತ್ತ ಕಣ್ಣ ಮುಂದೆ ಇರಲಿ.

ಮೂರನೆಯದು ಬಡ್ಡಿ ದರವನ್ನೇ ಶಾಶ್ವತ ಅಂದುಕೊಳ್ಳುವುದು. 2015-16ರಲ್ಲಿ ಅದು 8.8 ಇತ್ತು, 2021-22ರಲ್ಲಿ 8.1ಕ್ಕೆ ಇಳಿದಿತ್ತು. ದರ ಪ್ರತಿ ವರ್ಷ ಹೊಸದಾಗಿ ಘೋಷಣೆ ಆಗುತ್ತದೆ. ಇಪ್ಪತ್ತೂ ವರ್ಷ 7.75 ಹಾಕಿ ನೋಡಿದರೆ 67.8 ಲಕ್ಷ 63.8 ಲಕ್ಷಕ್ಕೆ ಬರುತ್ತದೆ. ಅರ್ಧ ಪರ್ಸೆಂಟ್‌ಗೆ 4 ಲಕ್ಷ ವ್ಯತ್ಯಾಸ. ಹಾಗಾಗಿ ನಿವೃತ್ತಿಯ ಖರ್ಚಿಗೆ ಯೋಜನೆ ಹಾಕುವವರು ಕಡಿಮೆ ದರದ ಮೊತ್ತವನ್ನೇ ಹಿಡಿಯುವುದು ಒಳ್ಳೆಯದು.

ಬಡ್ಡಿ ಜಮಾ ಆದ ಸಾಲು ಪಾಸ್‌ಬುಕ್‌ನಲ್ಲಿ `Int. Updated upto 31/03` ಎಂದು ಬರುತ್ತದೆ. ಅದು ಕೆಲವು ಸಲ ತಿಂಗಳುಗಳು ತಡವಾಗಿ ಕಾಣಿಸುತ್ತದೆ. ತಡವಾದರೂ ಲೆಕ್ಕ ಮಾರ್ಚ್ 31ರದ್ದೇ ಆಗಿರುವುದರಿಂದ ಬಡ್ಡಿ ನಷ್ಟ ಆಗುವುದಿಲ್ಲ. ಅದು ಬಂದ ದಿನ ಆ ವರ್ಷದ ಸಾಲಿನಲ್ಲಿ ಊಹೆಯ ಅಂಕಿ ಅಳಿಸಿ ನಿಜವಾದ ದರ, ನಿಜವಾದ ವೇತನ, ನಿಜವಾದ ಮೊತ್ತ ಬರೆಯಿರಿ. ಕೆಳಗಿನ ಸಾಲುಗಳೆಲ್ಲ ತಾವಾಗಿಯೇ ಬದಲಾಗುತ್ತವೆ.